ಜೋರ್ಡಾನ್ ರೂಪವೋ, ಶೂರ್ ರೂಪವೋ? ನನ್ನ ಓಟು ಶೂರ್‌ಗೆ

ಚೌಕ ಮ್ಯಾಟ್ರಿಕ್ಸನ್ನು ಸರಳ ಮಾಡಿಕೊಳ್ಳಲು ಮೂರು ದಾರಿ ಬಳಸಿ ನೋಡಿದ್ದೇನೆ. ಬರೀ ಕರ್ಣ ಉಳಿಸುವುದು, ಜೋರ್ಡಾನ್ ರೂಪ, ಮತ್ತೆ 1909ರಲ್ಲಿ ಇಸಾಯ್ ಶೂರ್ ಪ್ರಕಟಿಸಿದ ತ್ರಿಕೋನ ರೂಪ. ಈಗ ಕೈ ಮೊದಲು ಹೋಗುವುದು ಶೂರ್ ಕಡೆಗೇ.

ಮೂರಕ್ಕೂ ಒಂದೇ ಉದಾಹರಣೆ ಕೊಡೋಣ: `A = [[3, 1], [-1, 1]]`. ಐಗನ್‌ವ್ಯಾಲ್ಯೂ 2, ಎರಡು ಸಲ. ಐಗನ್‌ವೆಕ್ಟರ್ ದಿಕ್ಕು ಮಾತ್ರ ಒಂದೇ, (1, -1). ಹಾಗಾಗಿ ಮೊದಲ ದಾರಿ ಇಲ್ಲೇ ಮುಗಿಯಿತು.

ಜೋರ್ಡಾನ್ ಕೊಡುವುದು `[[2, 1], [0, 2]]`. ಕಾಗದದ ಮೇಲೆ ಚೆನ್ನಾಗಿದೆ. ತೊಂದರೆ ಶುರುವಾಗುವುದು ಕಂಪ್ಯೂಟರ್‌ನಲ್ಲಿ. ಕೆಳಗಿನ ಸೊನ್ನೆಯ ಜಾಗದಲ್ಲಿ 10⁻¹⁶ರಷ್ಟು ದೋಷ ಸೇರಿತು ಅಂದುಕೊಳ್ಳಿ. ಐಗನ್‌ವ್ಯಾಲ್ಯೂಗಳು 2 ± 10⁻⁸ ಎಂದು ಬೇರೆಯಾಗುತ್ತವೆ. ಬೇರೆಯಾದ ತಕ್ಷಣ ಮೇಲಿನ ಆ 1 ಜೋರ್ಡಾನ್ ರೂಪದಿಂದ ಮಾಯ! ಇಷ್ಟು ಸಣ್ಣ ಬದಲಾವಣೆಗೆ ರೂಪವೇ ಬದಲಾಯಿತು.

ಅಷ್ಟಕ್ಕೇ ನಿಲ್ಲುವುದಿಲ್ಲ. ಈಗ ಸಿಗುವ ಎರಡು ಐಗನ್‌ವೆಕ್ಟರ್‌ಗಳು (1, 10⁻⁸) ಮತ್ತು (1, -10⁻⁸), ಹೆಚ್ಚುಕಮ್ಮಿ ಒಂದರ ಮೇಲೊಂದು ಮಲಗಿರುತ್ತವೆ. ಅವನ್ನು ಕಂಬಸಾಲಾಗಿಟ್ಟ ಮ್ಯಾಟ್ರಿಕ್ಸ್‌ನ ವಿಲೋಮದಲ್ಲಿ 5 ಕೋಟಿಯಷ್ಟು ದೊಡ್ಡ ಸಂಖ್ಯೆಗಳು ಬರುತ್ತವೆ. ಅದರಿಂದ ಗುಣಿಸಿದಾಗ 16 ಅಂಕಿಗಳ ನಿಖರತೆಯಲ್ಲಿ ಅರ್ಧದಷ್ಟು ಹೋಗಿಬಿಡಬಹುದು.

ಶೂರ್ ದಾರಿಯಲ್ಲಿ ಒಂದೇ ಒಂದು ಐಗನ್‌ವೆಕ್ಟರ್ ಸಿಕ್ಕರೆ ಸಾಕು. ಕಾಂಪ್ಲೆಕ್ಸ್ ಸಂಖ್ಯೆಗಳಲ್ಲಿ ಅದು ಸಿಕ್ಕೇ ಸಿಗುತ್ತದೆ, ಯಾಕಂದ್ರೆ ಅಲ್ಲಿ ಪ್ರತಿ ಬಹುಪದಕ್ಕೂ ಮೂಲವಿದೆ. ಇಲ್ಲಿ q₁ = (1, -1)/√2. ಅದಕ್ಕೆ ಲಂಬವಾಗಿ q₂ = (1, 1)/√2 ಸೇರಿಸಿ. ಇವೆರಡನ್ನು ಕಂಬಸಾಲಾಗಿಟ್ಟ ಮ್ಯಾಟ್ರಿಕ್ಸ್ Q, ಅದರ ಕಾಂಜುಗೇಟ್ ಟ್ರಾನ್ಸ್‌ಪೋಸ್ Q*. Aq₁ = 2q₁, ಆದ್ದರಿಂದ ತ್ರಿಕೋನ ರೂಪ Tಯ ಮೊದಲ ಕಂಬಸಾಲು (2, 0). Aq₂ = (4, 0)/√2, ಅಂದರೆ 2q₁ + 2q₂. ಹೀಗೆ `T = Q*AQ = [[2, 2], [0, 2]]`. ಮ್ಯಾಟ್ರಿಕ್ಸ್ ದೊಡ್ಡದಿದ್ದರೆ, ಮೊದಲ ಅಡ್ಡಸಾಲು ಮತ್ತು ಕಂಬಸಾಲು ಬಿಟ್ಟು ಉಳಿದ ತುಂಡಿಗೆ ಇದನ್ನೇ ಮತ್ತೆ ಮಾಡುತ್ತಾ ಹೋಗುವುದು.

ಐಗನ್‌ವ್ಯಾಲ್ಯೂ ಕರ್ಣದ ಮೇಲೇ ಯಾಕೆ? T − λI ಕೂಡ ತ್ರಿಕೋನವೇ, ಅದರ ಡಿಟರ್ಮಿನೆಂಟ್ ಅಂದರೆ ಕರ್ಣದ ಗುಣಲಬ್ಧ. ಅದು ಸೊನ್ನೆಯಾಗಲು λ ಕರ್ಣದ ಯಾವುದೋ ಒಂದು ಸಂಖ್ಯೆಗೆ ಸಮವಾಗಲೇಬೇಕು. ಇನ್ನು T − λI = Q*(A − λI)Q, ಹಾಗಾಗಿ A − λI ಮತ್ತು T − λI ಎರಡರ ಡಿಟರ್ಮಿನೆಂಟೂ ಒಂದೇ, ಐಗನ್‌ವ್ಯಾಲ್ಯೂಗಳೂ ಅವೇ.

Q ಯೂನಿಟರಿ ಆದ್ದರಿಂದ ಉದ್ದ ಬದಲಾಗುವುದಿಲ್ಲ, ದೋಷವೂ ಹಿಗ್ಗುವುದಿಲ್ಲ. ವಿಲೋಮ ಹುಡುಕುವ ಕೆಲಸವೇ ಇಲ್ಲ, Q* ಸಾಕು. ಆದರೆ ಇಂಥ A ಇದ್ದಾಗ ಕರ್ಣದಲ್ಲಿ 2ರ ಬದಲು 10⁻⁸ರಷ್ಟು ಆಚೀಚೆ ಕಾಣಬಹುದು. ಅದು A ಸ್ವಭಾವ, ಶೂರ್ ತಪ್ಪಲ್ಲ. QTQ* ಲೆಕ್ಕ ಹಾಕಿ ನೋಡಿ, A ಸುಮಾರು 15 ಅಂಕಿಯವರೆಗೆ ವಾಪಸ್ ಬರುತ್ತದೆ.

T ಒಂದೇ ಒಂದು ಅಂತಿಲ್ಲ, ಕರ್ಣದ ಕ್ರಮವನ್ನು ಬೇಕಾದಂತೆ ಬದಲಿಸಬಹುದು.

ಕೈಯಲ್ಲಿ ಪೂರ್ಣಾಂಕಗಳ ಲೆಕ್ಕ ಮಾಡುವವರು, ಎಷ್ಟು ಐಗನ್‌ವೆಕ್ಟರ್ ಕಡಿಮೆ ಬಿತ್ತು ಅಂತ ತಿಳಿಯಬೇಕಾದವರು ಜೋರ್ಡಾನ್ ಇಟ್ಟುಕೊಳ್ಳಲಿ. ನನ್ನದು ದಶಮಾಂಶಗಳ ಕೆಲಸ, ನನಗೆ ಶೂರ್. SciPy ಬಳಸುವವರು ಇದೊಂದು ಗಮನಿಸಿ:

```
T, Q = scipy.linalg.schur(A, output='complex')
```

`output` ಬರೆಯದಿದ್ದರೆ, ನೈಜ ಸಂಖ್ಯೆಗಳ `[[0, -1], [1, 0]]` ಕೊಟ್ಟಾಗ ಕರ್ಣದಲ್ಲಿ ±i ಬರುವುದೇ ಇಲ್ಲ, 2×2 ತುಂಡು ಹಾಗೇ ಉಳಿಯುತ್ತದೆ.