ಒಂದೇ ಮೇಜು, ಮೂರು ಕುರ್ಚಿ: ಒಂದೂವರೆ ಗಂಟೆ ಕೂತು ನೋಡಿದ ಹೋಲಿಕೆ

ಊಟದ ಮೇಜಿನ ಹಳೇ ಕುರ್ಚಿಗಳ ಕೀಲು ಸಡಿಲವಾಗಿ ಒಂದೊಂದಾಗಿ ಕೈಕೊಟ್ಟಾಗ, ಆರು ಹೊಸ ಕುರ್ಚಿ ಒಟ್ಟಿಗೇ ತಂದುಬಿಡೋಣ ಅಂತ ಹೊರಟಿದ್ದೆ. ಹೆಂಡತಿ ತಡೆದಳು. "ಮೂರು ಥರದ್ದು ಒಂದೊಂದು ತನ್ನಿ. ಕೂತು ನೋಡೋಣ, ಆಮೇಲೆ ಉಳಿದದ್ದು." ಆಗ ಸ್ವಲ್ಪ ಕಿರಿಕಿರಿಯಾಯಿತು. ಈಗ ಯೋಚಿಸಿದರೆ, ನಾನು ಆವತ್ತು ಮನಸ್ಸು ಮಾಡಿದ್ದ ಕುರ್ಚಿಯೇ ಮೂರರಲ್ಲಿ ಕೊನೆಗೆ ಸೋತಿದ್ದು.

ತಂದದ್ದು ಇವು. ಒಂದು, ಬರೀ ಮರದ್ದು, ಸೀಟಿನ ನಡುವೆ ಸ್ವಲ್ಪ ತಗ್ಗು ಕೆತ್ತಿದ್ದು. ಎರಡನೆಯದು ನಾಲ್ಕಿಂಚು ದಪ್ಪದ ಸ್ಪಂಜು ತುಂಬಿ ಬಟ್ಟೆ ಹೊದಿಸಿದ ಎತ್ತರದ ಬೆನ್ನಿನ ಕುರ್ಚಿ. ಮೂರನೆಯದಕ್ಕೆ ಕೈ ಇಟ್ಟುಕೊಳ್ಳಲು ಎರಡೂ ಕಡೆ ತೋಳು.

ಅಂಗಡಿಯಲ್ಲಿ ಎರಡು ನಿಮಿಷ ಕೂತರೆ ಸ್ಪಂಜಿನದೇ ಗೆಲ್ಲುತ್ತದೆ. ಅಲ್ಲಿ ಕುರ್ಚಿಯ ಮುಂದೆ ಮೇಜೂ ಇರಲ್ಲ, ನಾವು ಊಟವನ್ನೂ ಮಾಡ್ತಿರಲ್ಲ. ಮನೆಮಂದಿಯೆಲ್ಲ ಸೇರಿ ಊಟಕ್ಕೆ ಕೂತರೆ ನಮ್ಮಲ್ಲಿ ಒಂದೂವರೆ ಗಂಟೆ ಆಗುತ್ತದೆ. ಅದರಲ್ಲಿ ಮೊದಲ ಅರ್ಧ ಗಂಟೆ ಎಲ್ಲರೂ ತಟ್ಟೆಯ ಕಡೆ ಬಾಗಿರುತ್ತಾರೆ, ಕುರ್ಚಿಯ ಬೆನ್ನಿಗೆ ಯಾರ ಬೆನ್ನೂ ತಾಗಲ್ಲ. ಉಳಿದ ಒಂದು ಗಂಟೆ ಮಾತು. ಆಗ ಹಿಂದಕ್ಕೆ ಒರಗುತ್ತಾರೆ. ಮೊದಲರ್ಧಕ್ಕೆ ಬೇಕಾದ್ದು ಸರಿಯಾದ ಎತ್ತರ, ಎರಡನೆಯದಕ್ಕೆ ಸರಿಯಾದ ಬೆನ್ನು. ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು ಅಂತ ನನಗೆ ಗೊತ್ತಾಗಲು ಮೂರ್ನಾಲ್ಕು ಭಾನುವಾರ ಹಿಡಿಯಿತು.

ಮೊದಲು ಮೇಜಿನ ಲೆಕ್ಕ. ನಮ್ಮದು ನೆಲದಿಂದ 30 ಇಂಚು. ಹೆಚ್ಚಿನ ಊಟದ ಮೇಜುಗಳು 29ರಿಂದ 30 ಇಂಚೇ ಇರುತ್ತವೆ. ಸೀಟಿನಿಂದ ಮೇಜಿನ ಮೇಲ್ಮೈಗೆ 10ರಿಂದ 12 ಇಂಚು ಅಂತರ ಇದ್ದರೆ ಬಹಳ ಜನಕ್ಕೆ ಹೊಂದುತ್ತದೆ. ಅದಕ್ಕೇ ಸೀಟು 18 ಇಂಚಿನ ಆಸುಪಾಸಿನಲ್ಲಿರುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಮೇಜಿನ ಹಲಗೆಯ ಅಡಿಯಲ್ಲಿ, ಕಾಲಿಂದ ಕಾಲಿಗೆ ಸುತ್ತ ಓಡುವ ಅಡ್ಡಪಟ್ಟಿಯ ವಿಷಯ. ನಮ್ಮ ಮೇಜಿನ ಹಲಗೆ ಒಂದಿಂಚು, ಅದರ ಕೆಳಗೆ ಪಟ್ಟಿ ನಾಲ್ಕಿಂಚು. ಅಂದರೆ ತೊಡೆಗೆ ಸಿಗುವ ಜಾಗ ನೆಲದಿಂದ 25 ಇಂಚಿಗೇ ಮುಗಿಯಿತು. ಸೀಟು 18 ಇದ್ದರೆ ತೊಡೆಗೆ 7 ಇಂಚು ಉಳಿಯುತ್ತದೆ, ಅಷ್ಟಿದ್ದರೆ ಸಾಕು. ಅದಕ್ಕಿಂತ ಕಮ್ಮಿಯಾದರೆ ಕಾಲು ಅಲ್ಲಾಡಿಸುವಾಗಲೆಲ್ಲ ಪಟ್ಟಿ ತಾಗುತ್ತದೆ. ಕಾಲಮೇಲೆ ಕಾಲು ಹಾಕುವುದಂತೂ ದೂರದ ಮಾತು.

ಮರದ ಕುರ್ಚಿಗೆ ಈ ಲೆಕ್ಕ ಸಲೀಸು. 18 ಅಂದರೆ 18, ಯಾರು ಕೂತರೂ ಅಷ್ಟೇ. ಸ್ಪಂಜಿನದು ಹಾಗಲ್ಲ. ಖಾಲಿ ಇದ್ದಾಗ ಟೇಪು ಹಿಡಿದರೆ 19.5 ಬಂತು. ನಾನು ಕೂತ ಮೇಲೆ ಎಷ್ಟು? ತೂಕ ಬಿದ್ದಿರುವ ಜಾಗಕ್ಕೆ ಟೇಪು ಹೋಗಲ್ಲವಲ್ಲ! ಕೊನೆಗೆ ಒಂದು ಉಪಾಯ ಹೊಳೆಯಿತು. ಮರದ ಕುರ್ಚಿಯಲ್ಲಿ ನೆಟ್ಟಗೆ ಕೂತು, ತೋಳು ಸಡಿಲ ಬಿಟ್ಟು, ಮೊಣಕೈ ಮಡಚಿದೆ. ಹೆಂಡತಿ ನೆಲದಿಂದ ಮೊಣಕೈಗೆ ಅಳೆದಳು: 27.5. ಅದೇ ಥರ ಸ್ಪಂಜಿನದರಲ್ಲಿ ಕೂತಾಗ 27. ಮರದ್ದಕ್ಕಿಂತ ಅರ್ಧ ಇಂಚು ಕೆಳಗಿದ್ದೇನೆ, ಅಂದರೆ ಸೀಟು ನನ್ನ ಕೆಳಗೆ ಎರಡಿಂಚು ಕುಸಿದು 17.5ಕ್ಕೆ ನಿಂತಿದೆ. ಮಗಳು ಕೂತಾಗ ಮುಕ್ಕಾಲು ಇಂಚೂ ಇಳಿಯಲಿಲ್ಲ. ಅವಳಿಗೆ ಅದು ಸುಮಾರು 19 ಇಂಚಿನ ಕುರ್ಚಿ. ಕುರ್ಚಿ ಒಂದೇ, ಎತ್ತರ ಕೂತವರಿಗೆ ತಕ್ಕಂತೆ. ಅದೂ ಹೇಗೆ? ಹಗುರಾಗಿರುವವಳಿಗೆ, ಅಂದರೆ ಕಾಲು ಗಿಡ್ಡ ಇರುವವಳಿಗೇ ಎತ್ತರ ಜಾಸ್ತಿ!

ಮೊದಲ ತಿಂಗಳು ಅಷ್ಟೇನೂ ತೊಂದರೆ ಇರಲಿಲ್ಲ. ಆದರೆ ದಿನಾ ನಾನೇ ಅದರಲ್ಲಿ ಕೂರುತ್ತಿದ್ದೆ. ಎಂಟು ತಿಂಗಳಾದ ಮೇಲೆ ಯಾಕೋ ತಟ್ಟೆ ದೂರವಾದ ಹಾಗೆ, ಭುಜ ಎತ್ತಿಕೊಂಡೇ ಊಟ ಮಾಡುತ್ತಿದ್ದೇನೆ ಅನ್ನಿಸಿತು. ಮತ್ತೆ ಅಳೆದರೆ ಮೊಣಕೈ 26. ಸ್ಪಂಜು ಇನ್ನೂ ಒಂದಿಂಚು ಕೂತುಬಿಟ್ಟಿತ್ತು. ಸೀಟಿಗೂ ಮೇಜಿಗೂ ಅಂತರ 13.5 ಆಗಿತ್ತು. ದೊಡ್ಡವರ ಮೇಜಿಗೆ ಬಂದು ಕೂತ ಮಗುವಿನ ಹಾಗೆ. ಭುಜ ನೋವಿಗೆ ನಾನು ದಿಂಬನ್ನು ಬೈಯುತ್ತಿದ್ದೆ, ತಪ್ಪು ದಿಂಬಿನದಾಗಿರಲಿಲ್ಲ. ಹೀಗೆ ಕೂರುವ ಸ್ಪಂಜನ್ನು ಮೊದಲೇ ಪತ್ತೆ ಹಚ್ಚಲು ಒಂದು ದಾರಿ ಇದೆ. ಮುಷ್ಟಿಯಿಂದ ಜೋರಾಗಿ ಒತ್ತಿ. ಕೆಳಗಿನ ಹಲಗೆ ಕೈಗೆ ಸಿಕ್ಕಿಬಿಟ್ಟರೆ ಅದು ಬಹಳ ದಿನ ಬಾಳಲ್ಲ. ನಾನು ಒತ್ತಿ ನೋಡಿರಲಿಲ್ಲ. ಬಟ್ಟೆಯ ಬಣ್ಣ ನೋಡುತ್ತಿದ್ದೆ.

ಅದರ ಎತ್ತರದ ಬೆನ್ನೂ ನೋಡಲಿಕ್ಕೆ ಚಂದ ಅಷ್ಟೇ. ಬಹುತೇಕ ನೆಟ್ಟಗಿತ್ತು. ಒರಗಿದರೆ ಭುಜದ ಮೂಳೆಗಳು ಮೊದಲು ತಾಗುತ್ತಿದ್ದವು, ಸೊಂಟದ ಹಿಂದೆ ನನ್ನ ಮುಷ್ಟಿ ಆರಾಮಾಗಿ ತೂರುವಷ್ಟು ಖಾಲಿ. ಒರಗಿಯೂ ಒರಗದ ಹಾಗೆ. ಮಾತಿನ ಹೊತ್ತಲ್ಲಿ ಸೊಂಟ ನಿಧಾನವಾಗಿ ಮುಂದೆ ಜಾರಿ, ಕೊನೆಗೆ ಬಾಲದ ಮೂಳೆ ಮೇಲೆ ಕೂತಿರುತ್ತಿದ್ದೆ. ಮರದ ಕುರ್ಚಿಯ ಬೆನ್ನು ಅದಕ್ಕಿಂತ ಗಿಡ್ಡ, ಆದರೆ ಸ್ವಲ್ಪ ಹಿಂದಕ್ಕೆ ವಾಲಿದೆ, ಸೊಂಟದ ಹತ್ತಿರ ಒಂದು ಬಾಗಿದ ಪಟ್ಟಿ ಇದೆ. ಭುಜಕ್ಕೆ ಏನೂ ತಾಗಲ್ಲ. ಒಂದು ಗಂಟೆಯ ಮೇಲೆ ಗೆದ್ದದ್ದು ಇದೇ.

ಹಾಗಂತ ಮರದ್ದನ್ನು ಹೊಗಳಿ ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಸುಮಾರು 40 ನಿಮಿಷಕ್ಕೆ ಕೂರುವ ಮೂಳೆಗಳು ಒತ್ತತೊಡಗುತ್ತವೆ. ತೆಳ್ಳಗಿರುವ ಮಗಳು ಇನ್ನೂ ಬೇಗ ಗೊಣಗಿದಳು. ಸೀಟಿನ ತಗ್ಗು ಭಾರವನ್ನು ಸ್ವಲ್ಪ ಹಂಚುತ್ತದೆ, ಪೂರ್ತಿ ಅಲ್ಲ. ಅದಕ್ಕೆ ಗಟ್ಟಿ ಸ್ಪಂಜಿನ ಒಂದಿಂಚಿನ ಮೆತ್ತೆ ಹೊಲಿಸಿ, ಹಿಂದಿನ ಕಾಲಿಗೆ ದಾರ ಕಟ್ಟಿದೆವು. ಕೂತಾಗ ಅದು ಅರ್ಧ ಇಂಚಿಗೆ ಬರುತ್ತದೆ. ಸೀಟಿನ ನಡುವಿನ ತಗ್ಗೂ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ತಗ್ಗು ತುಂಬಿತಷ್ಟೇ, ಸೀಟಿನ ಅಂಚಿಗಿಂತ ಎತ್ತರ ಏರಲಿಲ್ಲ. ಮೊದಲು ಎರಡಿಂಚಿನದು ಹಾಕಿ ನೋಡಿದ್ದೆವು, ತೊಡೆ ಅಡ್ಡಪಟ್ಟಿಗೆ ತಾಗಲು ಶುರುವಾಗಿತ್ತು.

ಮೂರನೆಯ ಕುರ್ಚಿಯ ಕಥೆ ಬೇರೆ. ಕೂರಲಿಕ್ಕೆ ಮೂರರಲ್ಲಿ ಅದೇ ಸುಖ. ತೋಳಿನ ಎತ್ತರ ಮಾತ್ರ ನೆಲದಿಂದ 26.5 ಇಂಚು, ನಮ್ಮ ಅಡ್ಡಪಟ್ಟಿ 25ರಲ್ಲಿ. ಮೇಜಿನ ಹತ್ತಿರ ಎಳೆದುಕೊಂಡರೆ ತೋಳಿನ ತುದಿ ಟಕ್ ಅಂತ ಪಟ್ಟಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ತಟ್ಟೆ ತಲುಪಲು ಮುಂದಕ್ಕೆ ಬಗ್ಗಬೇಕು, ಬಗ್ಗಿದರೆ ತೋಳಿಗೂ ಬೆನ್ನಿಗೂ ಏನು ಉಪಯೋಗ? ಒಂದು ವಾರದಲ್ಲಿ ಪಟ್ಟಿಯ ಪಾಲಿಶ್ ಎದ್ದು ಎರಡು ಬಿಳೀ ಗೀರು ಬಿದ್ದವು. ಜೊತೆಗೆ ಅಗಲ 25 ಇಂಚು. ಮೇಜಿನ ಉದ್ದಕ್ಕೆ ಒಬ್ಬೊಬ್ಬರಿಗೆ 24 ಇಂಚು ಅಂತ ಲೆಕ್ಕ ಹಾಕಿದರೆ ಇಂಥ ಕುರ್ಚಿ ಸಾಲಾಗಿ ಹಿಡಿಸಲ್ಲ. ಮಗಳಿಗಂತೂ ಒಂದು ಕಾಲು ಮಡಚಿ ಕೂರುವ ಅಭ್ಯಾಸ, ತೋಳಿನ ಮಧ್ಯೆ ಅದೂ ಆಗಲ್ಲ.

ವಾಪಸ್ ಕೊಡೋಣ ಅಂತಿದ್ದೆ. ಅಷ್ಟರಲ್ಲಿ ಅಪ್ಪ ಅದರಲ್ಲಿ ಕೂತು ಎದ್ದದ್ದು ನೋಡಿದೆ. ಅವರಿಗೆ ಮಂಡಿ ನೋವು. ಬೇರೆ ಕುರ್ಚಿಯಿಂದ ಏಳುವಾಗ ಮೇಜಿನ ಅಂಚು ಹಿಡಿದು ಎಳೆದುಕೊಳ್ಳುತ್ತಿದ್ದರು, ಮೇಜಿನ ಮೇಲಿದ್ದ ನೀರೆಲ್ಲ ಅಲುಗಾಡುತ್ತಿತ್ತು. ಇದರಲ್ಲಿ ಎರಡು ತೋಳಿನ ಮೇಲೂ ಅಂಗೈ ಊರಿ ಸಲೀಸಾಗಿ ಎದ್ದರು. "ಇದನ್ನ ಯಾರೂ ಮುಟ್ಟಬೇಡಿ" ಅಂದರು. ಸರಿ, ಮುಟ್ಟಲಿಲ್ಲ. ಜಾಗ ಮಾತ್ರ ಬದಲಿಸಿದೆವು. ಮೇಜಿನ ತಲೆಕಡೆ ನಮ್ಮಲ್ಲಿ ಹಲಗೆ ಪಟ್ಟಿಗಿಂತ 8 ಇಂಚು ಹೊರಗೆ ಚಾಚಿದೆ. ಹಲಗೆಯ ಅಡಿ 29 ಇಂಚಿಗಿದೆ, ಹಾಗಾಗಿ 26.5ರ ತೋಳು ಅದರ ಕೆಳಗೆ ನುಸುಳುತ್ತದೆ. ಪಟ್ಟಿಗೆ ಬಡಿಯುವ ಮೊದಲೇ ಅಪ್ಪ ತಟ್ಟೆಗೆ ಸಾಕಷ್ಟು ಹತ್ತಿರ ಬಂದಿರುತ್ತಾರೆ. ತಲೆಕಡೆ ಹೀಗೆ ಚಾಚದ ಮೇಜಾದರೆ ಈ ಉಪಾಯ ನಡೆಯಲ್ಲ, ಪಟ್ಟಿಗಿಂತ ತಗ್ಗಿನ ತೋಳನ್ನೇ ಹುಡುಕಬೇಕು.

ಉಳಿದದ್ದು ಅಮ್ಮ. ಅವರಿಗೆ ಮೂರೂ ಕುರ್ಚಿ ಸರಿಹೋಗಲಿಲ್ಲ. ಮಾತಿನ ಮಧ್ಯೆ "ಕಾಲು ಜೋಮು ಹಿಡೀತಿದೆ ಕಣೋ" ಅಂತ ಎದ್ದು ಓಡಾಡುತ್ತಿದ್ದರು. ವಯಸ್ಸಿನ ತೊಂದರೆ ಅಂದುಕೊಂಡಿದ್ದೆವು. ಒಂದು ದಿನ ಮೇಜಿನ ಕೆಳಗೆ ಬಗ್ಗಿ ನೋಡಿದರೆ, ಅವರ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಬೆರಳ ತುದಿಯಲ್ಲಿ ನಿಂತಿದ್ದವು ಪಾದಗಳು. ಸೀಟಿನ ಮುಂದಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು, ಜೋಮು ಅದರಿಂದ. ಅಳೆದೆ. ಬರಿಗಾಲಲ್ಲಿ ನೆಲದಿಂದ ಮಂಡಿಯ ಹಿಂದಿನ ಮಡಿಕೆಗೆ 15.5 ಇಂಚು. ಸೀಟು 18. ಚಪ್ಪಲಿ ಹಾಕಿದ್ದರೆ ಒಂದಿಂಚಾದರೂ ಸಿಗುತ್ತಿತ್ತು, ಮನೆಯೊಳಗೆ ಬರಿಗಾಲು.

ನನಗೆ ಮೊದಲು ಹೊಳೆದದ್ದು ಅವರ ಕುರ್ಚಿಯ ಕಾಲು ಕತ್ತರಿಸುವುದು. ಬಡಗಿಯನ್ನು ಕೇಳಿದೆ, ಅವರು ನಕ್ಕರು. "ಕುರ್ಚಿ ಇಳಿಸಿದ್ರೆ ಮೇಜು ಎದೆಗೆ ಬರುತ್ತಲ್ಲ ಸಾರ್, ಮೇಜನ್ನೂ ಕತ್ತರಿಸ್ತೀರಾ?" ಹೌದಲ್ವಾ. ಮೇಜು ಎಲ್ಲರಿಗೂ ಒಂದೇ, ಆದ್ದರಿಂದ ಗಿಡ್ಡ ಇರುವವರಿಗೆ ಸೀಟು ಇಳಿಸುವಂತಿಲ್ಲ, ನೆಲವನ್ನೇ ಎತ್ತಬೇಕು. ಅವರೇ ಎರಡೂವರೆ ಇಂಚಿನ ಒಂದು ಕಾಲುಮಣೆ ಮಾಡಿಕೊಟ್ಟರು. ಎರಡೂ ಪಾದ ಆರಾಮಾಗಿ ಹಿಡಿಯುವಷ್ಟು ಅಗಲ, ಅಡಿಗೆ ಜಾರದ ಹಾಗೆ ರಬ್ಬರು. ಸೀಟಿನ ಆಳದ ತೊಂದರೆಯೂ ಇತ್ತು. ಬೆನ್ನು ಪೂರ್ತಿ ಹಿಂದೆ ತಾಗಿಸಿ ಕೂತರೆ ಮಂಡಿಯ ಹಿಂದೆ ಎರಡು ಮೂರು ಬೆರಳು ಜಾಗ ಉಳಿಯಬೇಕು, ಅಮ್ಮನಿಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ಅದಕ್ಕೆ ಸೊಂಟದ ಹಿಂದೆ ಒಂದು ಚಪ್ಪಟೆ ದಿಂಬು. ಜೋಮಿನ ಮಾತು ಆಮೇಲೆ ಬರಲಿಲ್ಲ.

ಕೊನೆಗೆ ಮರದ ಕುರ್ಚಿಯನ್ನೇ ಇನ್ನೂ ನಾಲ್ಕು ತಂದೆವು. ಹಗುರ, ಒಂದೇ ಕೈಯಲ್ಲಿ ಎಳೆಯಬಹುದು, ಚೆಲ್ಲಿದರೆ ಒರೆಸಿದರಾಯಿತು. ಅಪ್ಪನ ತೋಳಿನ ಕುರ್ಚಿ ಮೇಜಿನ ತಲೆಕಡೆ ಇದೆ. ಸ್ಪಂಜಿನದು ಮಲಗುವ ಕೋಣೆ ಸೇರಿದೆ, ಅದರ ಮೇಲೆ ಮಡಚದ ಬಟ್ಟೆ ಗುಡ್ಡೆ ಬಿದ್ದಿರುತ್ತದೆ. ಅಮ್ಮನ ಕಾಲುಮಣೆಗೆ ಮಾತ್ರ ಈಗ ಜಗಳ. ಊಟಕ್ಕೆ ಕೂತಾಗ ಮಗಳು ಮೇಜಿನಡಿಯಿಂದ ಅದನ್ನು ಕಾಲಲ್ಲೇ ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಬಡಗಿಗೆ ಇನ್ನೊಂದು ಮಾಡಲು ಹೇಳಿದ್ದೇನೆ, ಅದು ಇದಕ್ಕಿಂತ ಅರ್ಧ ಇಂಚು ಜಾಸ್ತಿ ಎತ್ತರ.