ಕರಾರು ಪಟ್ಟಿ ತುಂಬಲು ಮೂರು ದಾರಿ: ತೊಂಬತ್ತು ದಿನ ತಪ್ಪಿದ ಮೇಲೆ ಮಾಡಿದ ಹೋಲಿಕೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಸಮೀಪ ಮೆಕ್ಕೆಜೋಳದ ವಹಿವಾಟು ಮತ್ತು ಗೋದಾಮು ನಡೆಸುವ ಒಂದು ಸಂಸ್ಥೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಗೋದಾಮಿನ ಬಾಡಿಗೆ, ವೇಬ್ರಿಡ್ಜ್ ಮತ್ತು ಜನರೇಟರ್ ನಿರ್ವಹಣೆ, ಕಾವಲುಗಾರರ ಸರಬರಾಜು, ಲಾರಿ ಸಾಗಣೆ ಎಂದು ನಮ್ಮ ಕಪಾಟಿನಲ್ಲಿ 142 ಕರಾರುಗಳಿವೆ. ಇವುಗಳ ಪಕ್ಷಕಾರರು, ಜಾರಿ ದಿನಾಂಕ, ಮುಕ್ತಾಯ ಮತ್ತು ಸ್ವಯಂ ನವೀಕರಣದ ಷರತ್ತನ್ನು ಒಂದೇ ಎಕ್ಸೆಲ್ ಹಾಳೆಗೆ ತರಲು ನಾನು ಮೂರು ದಾರಿಗಳನ್ನು ಪ್ರಯತ್ನಿಸಿದೆ. ಡಿಟಿಪಿ ಅಂಗಡಿಗೆ ಕೊಟ್ಟು ತುಂಬಿಸಿದ್ದು ಮೊದಲನೆಯದು, ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದಲೇ ದಿನಾಂಕಗಳನ್ನು ಹೆಕ್ಕಿಸಿದ್ದು ಎರಡನೆಯದು, ಕಂಪ್ಯೂಟರಿನಿಂದ ಪುಟ ಹುಡುಕಿಸಿ ಷರತ್ತನ್ನು ನಾನೇ ಓದಿ ಬರೆದದ್ದು ಮೂರನೆಯದು. ಈಗ ನಾನು ನಂಬಿರುವುದು ಮೂರನೆಯದನ್ನೇ.

ಡಿಟಿಪಿ ಅಂಗಡಿಯವರು ಕರಾರೊಂದಕ್ಕೆ ಇಪ್ಪತ್ತೈದು ರೂಪಾಯಿಯಂತೆ ಒಂದೇ ವಾರದಲ್ಲಿ ಹಾಳೆ ತುಂಬಿ ಕೊಟ್ಟರು. ಪಕ್ಷಕಾರರ ಹೆಸರುಗಳಲ್ಲಿ ತಪ್ಪು ಕಡಿಮೆಯಿತ್ತು. ಪಾಲುದಾರಿಕೆ ಸಂಸ್ಥೆಯ ಹೆಸರಿನ ಬದಲು ಸಹಿ ಹಾಕಿದ ಪಾಲುದಾರನ ಹೆಸರನ್ನು ಬರೆದ ಕಡೆಗಳನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿದೆ. ಪೆಟ್ಟು ಬಿದ್ದದ್ದು ಜನರೇಟರ್ ನಿರ್ವಹಣೆಯ ಕರಾರಿನಲ್ಲಿ.

ಆ ಕರಾರಿನ ಛಾಪಾ ಕಾಗದದ ಮೇಲೆ 22-3-2021 ಎಂದಿತ್ತು. ಸಹಿ ಆದದ್ದು 5-4-2021ರಂದು. ಆದರೆ ಸೇವೆ ಆರಂಭವಾಗುವ ದಿನ ಅನುಬಂಧದಲ್ಲಿ 1-6-2021 ಎಂದೂ ಮೂರು ವರ್ಷದ ಅವಧಿ 31-5-2024ಕ್ಕೆ ಮುಗಿಯುವುದೆಂದೂ ಇತ್ತು. ಅಂಗಡಿಯವರು ಮುಕ್ತಾಯವನ್ನು ಸರಿಯಾಗಿಯೇ ಬರೆದಿದ್ದರು, ನವೀಕರಣದ ಅಂಕಣದಲ್ಲಿ ‘ಹೌದು’ ಎಂದೂ ತುಂಬಿದ್ದರು. ಅದನ್ನು ನೋಡಿ ಏಪ್ರಿಲ್‌ನಲ್ಲಿ ನಾನು ಬೇರೆ ಕಂಪನಿಗಳಿಂದ ದರಪಟ್ಟಿ ತರಿಸಲು ಆರಂಭಿಸಿದೆ. ಆಗ ಹಳೆಯ ಕಂಪನಿಯವರು ಕರಾರಿನ ಹನ್ನೊಂದನೆಯ ಪುಟವನ್ನು ತೋರಿಸಿದರು. ಅವಧಿ ಮುಗಿಯುವುದಕ್ಕೆ 90 ದಿನಗಳಿಗಿಂತ ಕಡಿಮೆಯಿಲ್ಲದಂತೆ ಯಾರಾದರೂ ಒಬ್ಬರು ಲಿಖಿತ ನೋಟಿಸು ಕೊಡದಿದ್ದರೆ ಅದೇ ಷರತ್ತುಗಳ ಮೇಲೆ ಒಂದೊಂದು ವರ್ಷ ಮುಂದುವರಿಯತಕ್ಕದ್ದು ಎಂದು ಅಲ್ಲಿತ್ತು. 31-5-2024ರಿಂದ 90 ದಿನ ಹಿಂದಕ್ಕೆ ಎಣಿಸಿದರೆ 2-3-2024 ಬರುತ್ತದೆ. ನಾನು ಎಚ್ಚರಗೊಂಡದ್ದು ಆರು ವಾರ ತಡವಾಗಿ. “ಪಟ್ಟಿ ಮಾಡ್ಸಿದ್ದು ಯಾಕ್ರೀ ಮತ್ತೆ?” ಎಂದು ಮಾಲೀಕರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಒಂದು ವರ್ಷದ ಹಣ ಹೋಯಿತು.

ತಪ್ಪು ಅಂಗಡಿಯವರದಲ್ಲ. ನಾನು ಕೊಟ್ಟ ಅಂಕಣವೇ ತಪ್ಪಾಗಿತ್ತು. ‘ನವೀಕರಣ: ಹೌದು/ಇಲ್ಲ’ ಎಂಬ ಒಂದೇ ಮನೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಳ್ಳುತ್ತವೆ. ಯಾರೂ ಏನೂ ಮಾಡದಿದ್ದರೆ ತಾನಾಗಿ ಮುಂದುವರಿಯುವುದು ಒಂದು. ಒಂದು ಪಕ್ಷ ಬಯಸಿ ಬರೆದು ತಿಳಿಸಿದರೆ ಮಾತ್ರ ಮುಂದುವರಿಯುವುದು ಇನ್ನೊಂದು. ಇಬ್ಬರೂ ಒಪ್ಪಿದರೆ ನವೀಕರಿಸಬಹುದು ಎಂಬುದು ಮತ್ತೊಂದು. ನಮ್ಮ ಹನ್ನೊಂದು ತಿಂಗಳ ಬಾಡಿಗೆ ಕರಾರುಗಳಲ್ಲಿ ಬಹುಪಾಲು ಮೂರನೆಯ ಬಗೆಯವು. ಒಂದು ವರ್ಷವನ್ನು ಮೀರುವ ಭೋಗ್ಯ ಪತ್ರಗಳು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಕಡ್ಡಾಯವಾಗಿ ನೋಂದಣಿಯಾಗಬೇಕಾದ್ದರಿಂದ ಜನ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಅವಕ್ಕೂ ಅಂಗಡಿಯವರು ‘ಹೌದು’ ಎಂದೇ ತುಂಬಿದ್ದರು. ಹೀಗಾಗಿ ಸುಮ್ಮನಿದ್ದರೆ ಮುಂದುವರಿಯುವ ಕರಾರೂ ಸುಮ್ಮನಿದ್ದರೆ ಮುಗಿದುಹೋಗುವ ಕರಾರೂ ಹಾಳೆಯಲ್ಲಿ ಒಂದೇ ಥರ ಕಾಣುತ್ತಿದ್ದವು.

ಆ ಬೇಸರದಲ್ಲಿ ಎರಡನೆಯ ದಾರಿಗೆ ಬಿದ್ದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ತೆಗೆಯುವ ಉಚಿತ ತಂತ್ರಾಂಶ ಹಾಯಿಸಿ, ದಿನಾಂಕದ ಆಕಾರದಲ್ಲಿರುವುದನ್ನೆಲ್ಲ ಹೆಕ್ಕಿ ಹಾಳೆಗೆ ಹಾಕುವಂತೆ ಮಾಡಿಸಿದೆ. ಒಂದು ರಾತ್ರಿಯಲ್ಲಿ ಕೆಲಸ ಮುಗಿಯಿತು. ಆದರೆ ಮೊದಲು ಸಿಕ್ಕ ದಿನಾಂಕವೇ ಜಾರಿ ದಿನಾಂಕವಾಗಿ ಕೂರುತ್ತಿದ್ದುದರಿಂದ ಹಲವು ಸಾಲುಗಳಲ್ಲಿ ಛಾಪಾ ಕಾಗದ ಕೊಂಡ ದಿನವೇ ಬಂದಿತ್ತು. ಮೊಹರು ಬಿದ್ದ ಕಡೆ ಅಂಕಿ ಅಳಿಸಿತ್ತು. ನಮ್ಮ ಕಂಪ್ಯೂಟರಿನ ದಿನಾಂಕ ಕ್ರಮ ಅಮೆರಿಕದ್ದಾಗಿದ್ದರಿಂದ 05/04/2021 ಎಂಬುದು ಮೇ 4 ಆಯಿತು, 18/04/2021 ಎಂಬುದು ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿಯಿತು. ಅಂಕಣದಲ್ಲಿ ಕೆಲವು ದಿನಾಂಕಗಳು ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿದ್ದರೆ ಈ ತೊಂದರೆ ಇದೆಯೆಂದೇ ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, `renew` ಎಂಬ ಪದವನ್ನು ಹುಡುಕಿಸಿದ್ದರೆ ಆ ಜನರೇಟರ್ ಕರಾರು ಸಿಗುತ್ತಲೇ ಇರಲಿಲ್ಲ, ಏಕೆಂದರೆ ಅದರಲ್ಲಿ ಆ ಪದವೇ ಇಲ್ಲ. ‘ಮುಂದುವರಿಯತಕ್ಕದ್ದು’ ಎಂಬರ್ಥದ ಮಾತಿದೆ, ಕೊನೆಗೊಳಿಸುವುದಕ್ಕೆ ಹಳೆಯ ವಕೀಲಿ ಇಂಗ್ಲಿಷಿನ `determine` ಬಳಸಲಾಗಿದೆ.

ಮೂರನೆಯ ದಾರಿಯಲ್ಲಿ ತಂತ್ರಾಂಶಕ್ಕೆ ಪುಟ ತೋರಿಸುವ ಕೆಲಸವನ್ನಷ್ಟೇ ಕೊಟ್ಟೆ:

```
ocrmypdf -l eng+kan karar.pdf karar_text.pdf
pdfgrep -n -i "renew|extend|successive|continue|determine|notice|ನವೀಕರ|ಮುಂದುವರಿ" karar_text.pdf
```

ಮೊದಲ ಸಾಲು ಸ್ಕ್ಯಾನ್ ಕಡತಕ್ಕೆ ಹುಡುಕಬಹುದಾದ ಅಕ್ಷರಗಳನ್ನು ಸೇರಿಸುತ್ತದೆ, ಎರಡನೆಯದು ಪದ ಸಿಕ್ಕ ಪುಟದ ಸಂಖ್ಯೆ ಹೇಳುತ್ತದೆ. ಆ ಪುಟಗಳನ್ನೂ, ಮೊದಲ ಪುಟ, ಸಹಿ ಪುಟ, ಅನುಬಂಧಗಳು ಮತ್ತು ನಂತರದ ತಿದ್ದುಪಡಿ ಪತ್ರಗಳನ್ನೂ ನಾನೇ ಓದುತ್ತೇನೆ. ಒಂದು ಪುಟವೂ ಸಿಗದಿದ್ದರೆ ಷರತ್ತು ಇಲ್ಲವೆಂದು ಬರೆಯದೆ ಇಡೀ ಕರಾರನ್ನು ಓದುತ್ತೇನೆ; ಸ್ಕ್ಯಾನ್ ಮಸುಕಾಗಿದ್ದರೂ ಹಾಗೆ ಆಗುತ್ತದೆ. ನವೀಕರಣದ ಒಂದು ಅಂಕಣವನ್ನು ಒಡೆದು ಬಗೆ, ಮುಂದುವರಿಯುವ ಅವಧಿ, ನೋಟಿಸಿನ ದಿನಗಳು, ನೋಟಿಸಿನ ಕೊನೆಯ ದಿನ ಎಂದು ಮಾಡಿಕೊಂಡೆ. ಪಕ್ಕದಲ್ಲಿ ಷರತ್ತಿನ ವಾಕ್ಯವನ್ನು ಇದ್ದಹಾಗೆ, ಪುಟದ ಸಂಖ್ಯೆಯೊಂದಿಗೆ ನಕಲು ಮಾಡುತ್ತೇನೆ. ನಾಳೆ ಯಾರಾದರೂ ಅನುಮಾನಪಟ್ಟರೆ ಕಪಾಟು ತೆರೆಯಬೇಕಿಲ್ಲ.

ಜಾರಿ ದಿನಾಂಕ `C`, ತಿಂಗಳುಗಳು `D`, ಮುಕ್ತಾಯ `E`, ನೋಟಿಸಿನ ದಿನಗಳು `F` ಅಂಕಣದಲ್ಲಿದ್ದರೆ ಲೆಕ್ಕ ಹೀಗೆ:

```
E2: =EDATE(C2,D2)-1
G2: =E2-F2
```

ಮುಕ್ತಾಯದ ದಿನವನ್ನು ಕರಾರೇ ಹೇಳಿದ್ದರೆ ಸೂತ್ರವನ್ನು ಬಿಟ್ಟು ಅದನ್ನೇ ಬರೆಯಬೇಕು. ಸ್ಥಿರಾಸ್ತಿಯ ಭೋಗ್ಯ ಪತ್ರದಲ್ಲಿ ‘ಇಂಥ ದಿನದಿಂದ’ ಎಂದಷ್ಟೇ ಇದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 110ನೇ ಕಲಮು ಆ ದಿನವನ್ನು ಲೆಕ್ಕದಿಂದ ಹೊರಗಿಡುತ್ತದೆ. ಆಗ ಮುಕ್ತಾಯ ಒಂದು ದಿನ ಮುಂದಕ್ಕೆ ಹೋಗುತ್ತದೆ. ಇಂಥ ಒಂದು ದಿನದ ವಾದಕ್ಕೆ ಸಿಕ್ಕಿಬೀಳದಿರಲು ನೋಟಿಸಿನ ಕೊನೆಯ ದಿನಕ್ಕಿಂತ ಎರಡು ವಾರ ಮೊದಲೇ ಪತ್ರ ಕಳುಹಿಸುವುದು ನನ್ನ ರೂಢಿ.

ಈ ದಾರಿಯಲ್ಲಿ ಕರಾರೊಂದಕ್ಕೆ ಸುಮಾರು ಹನ್ನೆರಡು ನಿಮಿಷದಂತೆ, 142ಕ್ಕೆ ಇಪ್ಪತ್ತೆಂಟು ಗಂಟೆ ಹಿಡಿಯಿತು. ಸಂಜೆ ಎರಡೆರಡು ಗಂಟೆ ಕೂತು ಎರಡು ವಾರದಲ್ಲಿ ಮುಗಿಸಿದೆ. ಸಂಬಳದ ಹೊರತು ಖರ್ಚಿಲ್ಲ. ಸಾವಿರಾರು ಕರಾರುಗಳಿರುವ ಕಚೇರಿಗೆ ಇದು ಹೊಂದುವುದಿಲ್ಲ. ಅಂಥವರು ಹೆಸರು ಮತ್ತು ಛಾಪಾ ಕಾಗದದ ವಿವರಗಳನ್ನು ಅಂಗಡಿಯವರಿಂದ ತುಂಬಿಸಿಕೊಂಡು, ನವೀಕರಣದ ಅಂಕಣಗಳನ್ನು ಮಾತ್ರ ತಮ್ಮವರಿಂದ ಓದಿಸುವುದು ಮೇಲು.

ಜನರೇಟರ್ ಕರಾರಿನ ಸಾಲಿನಲ್ಲಿ ಮೂಲ ಮುಕ್ತಾಯವನ್ನು ಹಾಗೆಯೇ ಬಿಟ್ಟು, ‘ಚಾಲ್ತಿ ಅವಧಿಯ ಮುಕ್ತಾಯ’ ಎಂಬ ಹೊಸ ಅಂಕಣದಲ್ಲಿ 31-5-2025 ಎಂದು ಬರೆದೆ. ನೋಟಿಸಿನ ಕೊನೆಯ ದಿನ 2-3-2025 ಎಂದು ಬಂತು, ಅದು ಭಾನುವಾರ. ಫೆಬ್ರವರಿಯ ಎರಡನೆಯ ವಾರದಲ್ಲೇ, ಕರಾರಿನ ನೋಟಿಸು ಷರತ್ತಿನಲ್ಲಿದ್ದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಪತ್ರ ಹಾಕಿದೆ. ಸ್ವೀಕೃತಿ ಚೀಟಿ 17ರಂದು ಕೈಸೇರಿತು, ಅದರ ಸ್ಕ್ಯಾನ್ ಪ್ರತಿಯ ಕೊಂಡಿ ಅದೇ ಸಾಲಿನ ಕೊನೆಯ ಅಂಕಣದಲ್ಲಿದೆ.