ದೇಣಿಗೆ ವಿಡಿಯೋದ ಕೆಳಗೆ ಯಾರ ಅಕೌಂಟ್ ಹಾಕುದು: ಮನೆಯವರದ್ದಾ, ಟ್ರಸ್ಟಿಂದಾ, ಆಸ್ಪತ್ರೆದ್ದಾ?

ನಮ್ಮ ಉಡುಪಿ ಕಡೆ ಅಷ್ಟಮಿಗೆ ವೇಷ ಹಾಕಿ ಡಬ್ಬಿ ಹಿಡ್ಕೊಂಡು ಯಾರದ್ದೋ ಮಗುವಿನ ಆಪರೇಷನ್‌ಗೆ ದುಡ್ಡು ಒಟ್ಟು ಮಾಡುದು ಎಲ್ಲರಿಗೂ ಗೊತ್ತಿರುವ ವಿಷಯ, ಈಗ ಅದೇ ಕೆಲಸ ಎರಡು ನಿಮಿಷದ ವಿಡಿಯೋದಲ್ಲಿ ಆಗ್ತದೆ. ನಮ್ಮ ಯುವಕ ಮಂಡಲಕ್ಕೆ ಇಂಥ ವಿಡಿಯೋ ಬಂದ್ರೆ ಎಡಿಟಿಂಗ್ ಬೇರೆಯವರು ಮಾಡ್ತಾರೆ, ಕೆಳಗಿನ ಡಿಸ್ಕ್ರಿಪ್ಶನ್ ಬರೆಯುದು ನಾನು. ಮೂರು ರೀತಿಯ ಅಕೌಂಟ್ ಹಾಕಿ ನೋಡಿ ಆಯ್ತು, ಮೂರಕ್ಕೂ ಬರೆಯುವ ಕ್ರಮ ಬೇರೆ ಬೇರೆ, ಜನ ಕೇಳುವ ಪ್ರಶ್ನೆಗಳೂ ಬೇರೆ. ಅದನ್ನೇ ಇಲ್ಲಿ ಹೇಳ್ತಿದ್ದೇನೆ.

ಮೊದಲು ಮನೆಯವರ ಅಕೌಂಟ್. ಇದರಷ್ಟು ಸುಲಭ ಬೇರೆ ಇಲ್ಲ, ಹೆಂಡತಿಯದ್ದೋ ಅಮ್ಮನದ್ದೋ ಯುಪಿಐ ನಂಬರ್ ಹಾಕಿದ್ರೆ ವಿಡಿಯೋ ಬಿಟ್ಟ ಅರ್ಧ ಗಂಟೆಯಲ್ಲಿ ದುಡ್ಡು ಬರ್ಲಿಕ್ಕೆ ಶುರು, ರಾತ್ರಿ ಹೊತ್ತಿಗೆ ಮೆಡಿಕಲಿಂದ ಇಂಜೆಕ್ಷನ್ ತರ್ಲಿಕ್ಕೆ ಕೈಯಲ್ಲಿ ಕಾಸು ಇರ್ತದೆ. ಆದ್ರೆ ಅಕೌಂಟ್ ಎಂಥದ್ದು ಅಂತ ಮೊದಲೇ ಪಾಸ್‌ಬುಕ್ ನೋಡಿ ಕೇಳ್ಬೇಕು ಮಾರಾಯ್ರೆ. ಪೂರ್ತಿ ಕೆವೈಸಿ ಆಗದೆ ತೆರೆದ ಸ್ಮಾಲ್ ಅಕೌಂಟ್ ಅಂತ ಉಂಟಲ್ಲ, ಅದಕ್ಕೆ ಇಡೀ ವರ್ಷದಲ್ಲಿ ಒಟ್ಟು 1 ಲಕ್ಷ ಮಾತ್ರ ಜಮೆ ಆಗ್ಬಹುದು, ಬ್ಯಾಲೆನ್ಸ್ 50,000 ದಾಟುವ ಹಾಗಿಲ್ಲ. ವಿಡಿಯೋ ಒಳ್ಳೆ ಓಡ್ತಿರುವಾಗಲೇ ದುಡ್ಡು ವಾಪಸ್ ಹೋಗ್ಲಿಕ್ಕೆ ಶುರು ಆಗ್ತದೆ, ಆಮೇಲೆ ಅಕೌಂಟ್ ಬದಲಿಸಿದ್ರೆ ಜನಕ್ಕೆ ಸಂಶಯ, ನಿನ್ನೆ ಒಂದು ಹೆಸರು ಇವತ್ತು ಒಂದು ಹೆಸರು ಎಂತಕ್ಕೆ ಅಂತ. ಇನ್ನೊಂದು ಕಿರಿಕಿರಿ, ಗುರುತಿಲ್ಲದ ನೂರಾರು ಜನ ಕಳಿಸುವಾಗ ಅದರಲ್ಲಿ ಯಾರದ್ದೋ ಒಬ್ಬರದ್ದು ಮೋಸದ ದುಡ್ಡಾಗಿದ್ರೆ ಸೈಬರ್ ಕಂಪ್ಲೇಂಟ್ ಮೇಲೆ ಈ ಅಕೌಂಟೂ ಫ್ರೀಜ್ ಆಗುವ ಸಾಧ್ಯತೆ ಉಂಟು, ಐಸಿಯು ಹೊರಗೆ ಕೂತವರಿಗೆ ಬ್ಯಾಂಕ್ ಸುತ್ತುವ ಕೆಲಸ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000ಕ್ಕಿಂತ ಹೆಚ್ಚು ಬಂದ್ರೆ ಅದು ಆದಾಯದ ಲೆಕ್ಕಕ್ಕೂ ಬರ್ತದೆ, ಬಿಲ್ಲುಗಳನ್ನೆಲ್ಲ ತೆಗೆದಿಟ್ಟು ಒಬ್ಬ ಸಿಎ ಹತ್ರ ತೋರ್ಸುದು ಒಳ್ಳೇದು.

ಈ ಥರದ ಡಿಸ್ಕ್ರಿಪ್ಶನ್‌ನಲ್ಲಿ ನಾನು ತಪ್ಪದೆ ಹಾಕುವ ಸಾಲು ಒಂದುಂಟು: ಪೇ ಮಾಡುವಾಗ ಆ್ಯಪಲ್ಲಿ ಇಂಥ ಹೆಸರು ಬರ್ತದೆ, ಬೇರೆ ಹೆಸರು ಬಂದ್ರೆ ಕಳಿಸ್ಬೇಡಿ. ವಿಡಿಯೋ ಕದ್ದು ತಮ್ಮ ಕ್ಯೂಆರ್ ಅಂಟಿಸಿ ಬಿಡುವವರು ಇದ್ದಾರೆ, ಚಿತ್ರ ಬದಲಿಸಬಹುದು, ಆದ್ರೆ ಯುಪಿಐಯಲ್ಲಿ ಕಾಣುವ ಹೆಸರು ಬ್ಯಾಂಕಿಂದ ಬರುವಂಥದ್ದು, ಅದನ್ನು ಬದಲಿಸ್ಲಿಕ್ಕೆ ಅವರಿಂದ ಆಗುದಿಲ್ಲ. ಹೆಸರು ಬ್ಯಾಂಕಲ್ಲಿ ಇದ್ದ ಹಾಗೇ ಬರೀಬೇಕು. ಊರಲ್ಲಿ ಕರೆಯುವ ಹೆಸರು ಒಂದು, ಪಾಸ್‌ಬುಕ್ಕಲ್ಲಿ ಮತ್ತೊಂದು ಇದ್ರೆ ಪಾಸ್‌ಬುಕ್ಕಿಂದೇ ಹಾಕಿ, ರೋಗಿಗೆ ಎಂತ ಆಗ್ಬೇಕು ಅಂತ ಪಕ್ಕದಲ್ಲಿ ಸೇರಿಸಿ.

ಎರಡನೇದು ಟ್ರಸ್ಟ್ ಅಕೌಂಟ್. ಮಂಗಳೂರಿನ ಸಂಬಳದಾರರು, ಡಾಕ್ಟರುಗಳು, ಅಂಗಡಿಯವರು ದೊಡ್ಡ ಮೊತ್ತ ಕೊಡುವಾಗ ಕೇಳುವ ಮೊದಲ ಪ್ರಶ್ನೆ 80ಜಿ ಉಂಟಾ, ಅಂದ್ರೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗ್ತದಾ ಅಂತ. ಮನೆಯವರ ಅಕೌಂಟಿಗೆ ಹಾಕಿದ್ರೆ ಅದು ಸಿಗುದೇ ಇಲ್ಲ, 80ಜಿ ನೋಂದಣಿ ಆದ ಟ್ರಸ್ಟಿಗೆ ಹಾಕಿದ್ರೆ ಸಿಗ್ತದೆ. ಇಲ್ಲಿ ಅರ್ಧ ಮಾತ್ರ ಹೇಳಿ ಬಿಡುದು ಬಹಳ ಕಡೆ ನೋಡಿದ್ದೇನೆ, "ತೆರಿಗೆ ವಿನಾಯಿತಿ ಉಂಟು" ಅಂತ ಒಂದೇ ಸಾಲು. ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ ಅದು, ಹೆಚ್ಚಿನ ಟ್ರಸ್ಟುಗಳಿಗೆ ಕೊಟ್ಟದ್ರಲ್ಲಿ ಅರ್ಧಕ್ಕೆ ಮಾತ್ರ, ಕ್ಯಾಶ್ ಆದ್ರೆ 2,000ಕ್ಕಿಂತ ಮೇಲೆ ಕೊಟ್ಟದ್ದಕ್ಕೆ ಇಲ್ಲ. ಅದೂ ದಾನಿಯ ಪ್ಯಾನ್ ನಂಬರ್ ಟ್ರಸ್ಟಿಗೆ ಸಿಕ್ಕಿದ್ರೆ ಮಾತ್ರ ಸರ್ಟಿಫಿಕೇಟ್ ಸರಿಯಾಗಿ ಬರುದು. ಇಷ್ಟನ್ನೂ ಎರಡು ವಾಕ್ಯದಲ್ಲಿ ಬರೆಯಬಹುದು, ಬರೆಯದಿದ್ರೆ ಆಮೇಲೆ ಫೋನ್ ಎತ್ತಿ ಎತ್ತಿ ಸಾಕಾಗ್ತದೆ.

ಗಲ್ಫಿನವರ ವಿಷಯ ಬೇರೆ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ದುಬೈಯಿಂದ, ಕುವೈತಿಂದ ತಮ್ಮ ಸಂಪಾದನೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಂತ ಆಗುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ತಗೊಂಡವರದ್ದು ಹಾಗಲ್ಲ, ಒಸಿಐ ಕಾರ್ಡ್ ಇದ್ರೂ ಅವರು ವಿದೇಶಿ ಪ್ರಜೆಯೇ, ವಿದೇಶಿ ದೇಣಿಗೆ ಕಾನೂನಿನ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಟ್ರಸ್ಟ್ ಅವರ ದುಡ್ಡು ತಗೊಳ್ಳುವ ಹಾಗಿಲ್ಲ. ಹಾಗಾಗಿ ನೋಂದಣಿ ಇಲ್ಲದಿದ್ರೆ ಡಿಸ್ಕ್ರಿಪ್ಶನ್‌ನಲ್ಲೇ ಹೇಳಿಬಿಡುದು, "ವಿದೇಶಿ ಪಾಸ್‌ಪೋರ್ಟ್ ಇರುವವರು ದಯವಿಟ್ಟು ಈ ಖಾತೆಗೆ ಹಾಕ್ಬೇಡಿ" ಅಂತ.

ಟ್ರಸ್ಟಿನ ತೊಂದರೆ ಎಂತ ಅಂದ್ರೆ ನಿಧಾನ. ಎರಡು ಸಹಿ ಬೇಕು, ಒಬ್ರು ಬೆಂಗಳೂರಿಗೆ ಹೋಗಿರ್ತಾರೆ, ಚೆಕ್ ಸೋಮವಾರ ಆಗ್ತದೆ. ಅದಕ್ಕಿಂತ ಮುಖ್ಯ, ಬಂದ ದುಡ್ಡು ಈ ರೋಗಿಗೇ ಹೋಗ್ತದಾ ಇಲ್ಲ ಸಾಮಾನ್ಯ ನಿಧಿಗೆ ಸೇರ್ತದಾ ಅನ್ನುದು. ವಿಡಿಯೋದಲ್ಲಿ ಒಂದು ಮಗುವಿನ ಮುಖ ತೋರಿಸಿ ದುಡ್ಡು ಸಾಮಾನ್ಯ ನಿಧಿಗೆ ಹೋಗುದಾದ್ರೆ ಅದನ್ನು ಬರೆಯದೆ ಬಿಡುದು ನನ್ನ ಲೆಕ್ಕದಲ್ಲಿ ಸುಳ್ಳೇ. ನಿಧಿಗೆ ಹೋಗುದು ತಪ್ಪೇನಲ್ಲ, ಹೇಳ್ಬೇಕು ಅಷ್ಟೆ.

ಆನ್‌ಲೈನ್ ಕ್ರೌಡ್‌ಫಂಡಿಂಗ್ ಸೈಟುಗಳನ್ನು ನಾನು ಹೆಚ್ಚು ಬಳಸುದಿಲ್ಲ. ಎಷ್ಟು ಬಂತು ಅಂತ ಎಲ್ಲರಿಗೂ ಕಾಣ್ತದೆ, ಅದು ಒಳ್ಳೇದೇ, ಆದ್ರೆ ಕೆಲವು ಕಡೆ ಟಿಪ್ ಅಂತ ಒಂದಿಷ್ಟು ಪರ್ಸೆಂಟ್ ಮೊದಲೇ ಸೇರಿಸಿ ಇಟ್ಟಿರ್ತಾರೆ, ನಮ್ಮ ಪ್ರಾಯದವರಿಗೆ ಅದು ಗೊತ್ತಾಗುದೂ ಇಲ್ಲ.

ಇನ್ನು ಆಸ್ಪತ್ರೆಯ ಅಕೌಂಟ್, ನನ್ನ ಮಟ್ಟಿಗೆ ಒಂದು ಸಲದ ದೊಡ್ಡ ಆಪರೇಷನ್ ಆದ್ರೆ ಇದೇ ಮೇಲು. ಒಂದು ಕೇಸ್ ಹೇಳ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ. ಮಲ್ಪೆಯಲ್ಲಿ ಬೋಟಿನ ಕೆಲಸದವ, ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 4,80,000. ಜನ ಮೊದಲು ಕೇಳುದೇ ಆಯುಷ್ಮಾನ್ ಇಲ್ವಾ ಅಂತ. ಇತ್ತು, ಆದ್ರೆ ಎಪಿಎಲ್ ಕಾರ್ಡ್, ಅದಕ್ಕೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸಿಗುದು, 70,000 ಮಂಜೂರಾಯ್ತು. ಬೋಟ್ ಓನರ್ 1,00,000 ಕೊಟ್ರು, ಮನೆಯವರು ಚಿನ್ನ ಅಡವಿಟ್ಟು 60,000 ಮಾಡಿದ್ರು. ಉಳಿದದ್ದು 2,50,000. ಡಿಸ್ಚಾರ್ಜ್ ಆದ ಮೇಲೆ ಮೂರು ತಿಂಗಳ ಮದ್ದು, ಫಿಸಿಯೋಥೆರಪಿಗೆ 45,000 ಬೇಕು, ಅದು ಆಸ್ಪತ್ರೆ ಬಿಲ್ಲಲ್ಲಿ ಬರುದಿಲ್ಲ.

"5 ಲಕ್ಷ ಬೇಕು, ಬಡ ಕುಟುಂಬ, ಕೈಮುಗಿದು ಕೇಳ್ತೇವೆ" ಅಂತ ಬರೆಯುದು ಸುಲಭ ಇತ್ತು. ನಾವು ಹಾಕಿದ್ದು ಹೀಗೆ:

ಬೆನ್ನುಮೂಳೆ ಆಪರೇಷನ್‌ಗೆ ಇನ್ನು ಬೇಕಾದದ್ದು 2,50,000 ರೂ. ನೇರ ಆಸ್ಪತ್ರೆ ಖಾತೆಗೆ. ಕೊನೆ ದಿನ: ತಿಂಗಳ 20.
ಒಟ್ಟು ಖರ್ಚು 4,80,000. ಸರಕಾರದ ಯೋಜನೆಯಿಂದ 70,000, ಬೋಟ್ ಮಾಲಕರಿಂದ 1,00,000, ಮನೆಯವರಿಂದ 60,000 ಆಗಿದೆ.
ಖಾತೆ ಹೆಸರು, ನಂಬರ್, ಐಎಫ್‌ಎಸ್‌ಸಿ: ಆಸ್ಪತ್ರೆ ಕೊಟ್ಟ ಪತ್ರದಲ್ಲಿ ಇದ್ದ ಹಾಗೆ.
ರಿಮಾರ್ಕ್ಸ್‌ನಲ್ಲಿ ರೋಗಿಯ ಆಸ್ಪತ್ರೆ ನಂಬರ್ ಬರೀರಿ. ಮರೆತ್ರೆ ಯುಟಿಆರ್ ನಂಬರ್ ನಮಗೆ ಮೆಸೇಜ್ ಮಾಡಿ.
ಡಿಸ್ಚಾರ್ಜ್ ನಂತರದ ಮದ್ದು, ಫಿಸಿಯೋಥೆರಪಿಗೆ 45,000 ಬೇಕು, ಇದು ಮಾತ್ರ ಹೆಂಡತಿಯ ಖಾತೆಗೆ. ಆ್ಯಪಲ್ಲಿ ಪಾಸ್‌ಬುಕ್ಕಿನ ಇದೇ ಹೆಸರು ಬರ್ತದೆ.
ಆಸ್ಪತ್ರೆಯಲ್ಲಿ ದುಡ್ಡು ಉಳಿದ್ರೆ ಅದನ್ನೂ ಫಿಸಿಯೋಥೆರಪಿಗೆ ಬಳಸ್ತೇವೆ. ಈ ಹಣಕ್ಕೆ 80ಜಿ ಸಿಗುದಿಲ್ಲ.

ಮೊದಲ ಸಾಲಲ್ಲೇ ಮೊತ್ತ, ಉದ್ದೇಶ, ಕೊನೆ ದಿನ ಬಂದದ್ದು ಬೇಕಂತಲೇ. ಯೂಟ್ಯೂಬಲ್ಲಿ ಡಿಸ್ಕ್ರಿಪ್ಶನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುದು, ಉಳಿದದ್ದು ಒತ್ತಿದ್ರೆ ಮಾತ್ರ ತೆರೆಯುದು, ಅಲ್ಲಿ "ನಮಸ್ಕಾರ ಸ್ನೇಹಿತರೇ" ಬರೆದ್ರೆ ಜಾಗ ಹಾಳು.

ಆಸ್ಪತ್ರೆ ಅಕೌಂಟಿನ ಕಷ್ಟ ರಿಮಾರ್ಕ್ಸಲ್ಲೇ ಉಂಟು. ಎಷ್ಟು ಸಲ ಬರೆದ್ರೂ ಅರ್ಧ ಜನ ನಂಬರ್ ಹಾಕುದಿಲ್ಲ, ಆಗ ದುಡ್ಡು ಆಸ್ಪತ್ರೆ ಖಾತೆಗೆ ಬಂದಿರ್ತದೆ, ಯಾವ ರೋಗಿಯದ್ದು ಅಂತ ಅವರಿಗೆ ಗೊತ್ತಿಲ್ಲ. ಬಿಲ್ಲಿಂಗ್ ಕೌಂಟರಲ್ಲಿ ಕೇಳಿದ್ರೆ ಅಕೌಂಟ್ಸಿಗೆ ಹೋಗಿ ಅಂತಾರೆ, ಅಕೌಂಟ್ಸಿನವರು ಯುಟಿಆರ್ ತನ್ನಿ ಅಂತಾರೆ. ಯುಪಿಐ ಆದ್ರೆ ಅದು 12 ಅಂಕೆಯ ನಂಬರ್, ದಾನಿಯ ಆ್ಯಪಲ್ಲಿ ಸಿಗ್ತದೆ. ಅದನ್ನೆಲ್ಲ ಒಂದು ಪಟ್ಟಿ ಮಾಡಿ ದಿನಾ ಸಂಜೆ ಕೊಡ್ಲಿಕ್ಕೆ ನಮ್ಮ ಕಡೆಯಿಂದ ಒಬ್ರು ಬೇಕೇ ಬೇಕು. ವಿಡಿಯೋ ಬಿಡುವ ಮೊದಲೇ ಆಸ್ಪತ್ರೆಯ ಲೆಟರ್‌ಹೆಡ್ಡಲ್ಲಿ ಖಾತೆ ವಿವರ ಬರೆಸಿ ತಗೊಳ್ಳಿ, ಉಳಿದ ದುಡ್ಡು ಯಾರಿಗೆ ವಾಪಸ್ ಕೊಡ್ತೀರಿ ಅಂತಲೂ ಕೇಳಿ. ಈ ಕೇಸಲ್ಲಿ ಕೊನೆ ಬಿಲ್ 4,62,000 ಆಯ್ತು, 18,000 ಉಳೀತು, ಅದು ಹೆಂಡತಿ ಖಾತೆಗೆ ಬಂತು. ಮೊದಲೇ ಬರೆದಿದ್ದಕ್ಕೆ ಯಾರೂ ಒಂದು ಮಾತು ಆಡ್ಲಿಲ್ಲ. ಎಸ್ಟಿಮೇಟಿನ ಫೋಟೋ ಹಾಕುವಾಗ ಮಾತ್ರ ಫೋನ್ ನಂಬರ್, ವಿಳಾಸ, ಆಧಾರ್ ಎಲ್ಲ ಅಳಿಸಿ ಹಾಕಿ.

ಇನ್ನೊಂದು ಪೇಚಾಟ ಉಂಟು, ಮೂರೂ ಅಕೌಂಟಿಗೆ ಬರುವಂಥದ್ದು. ನಮ್ಮಲ್ಲಿ ವಿಡಿಯೋ ಓಡುದು ವಾಟ್ಸಾಪಲ್ಲಿ, ಯಾರೋ ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕ್ತಾರೆ, ಡಿಸ್ಕ್ರಿಪ್ಶನ್ ಅಲ್ಲೇ ಉಳೀತದೆ. ಹಾಗಾದ್ರೆ ಅಕೌಂಟ್ ನಂಬರ್ ವಿಡಿಯೋದ ಮೇಲೆಯೇ ಬರೆದ್ರೆ ಆಯ್ತಲ್ಲ ಅಂತ ಕೇಳ್ಬಹುದು. ಬರೆದ್ರೆ ಕೂಡ್ಲೇ ದುಡ್ಡು ಜಾಸ್ತಿ ಬರ್ತದೆ, ಅದು ಹೌದು. ಆದ್ರೆ ಡಿಸ್ಕ್ರಿಪ್ಶನ್ ನಾಳೆ ಬದಲಿಸ್ಲಿಕ್ಕೆ ಆಗ್ತದೆ, ವಿಡಿಯೋದ ಮೇಲಿನ ಅಕ್ಷರ ಆಗುದಿಲ್ಲ, ಮನುಷ್ಯ ಗುಣ ಆಗಿ ಬೋಟಿಗೆ ಹೋಗ್ಲಿಕ್ಕೆ ಶುರು ಮಾಡಿದ ಮೇಲೂ ಅದೇ ವಿಡಿಯೋ ಯಾವುದೋ ಫ್ಯಾಮಿಲಿ ಗ್ರೂಪಲ್ಲಿ ಓಡ್ತಾ ಇರ್ತದೆ, ದುಡ್ಡೂ ಬರ್ತಾ ಇರ್ತದೆ. ಆಸ್ಪತ್ರೆ ಖಾತೆ ಆದ್ರೆ ಆ ದುಡ್ಡು ವಾಪಸ್ ಮಾಡುದು ಇನ್ನೂ ತಲೆಬಿಸಿ.

ನಾನೀಗ ಮಾಡುದು ಹೀಗೆ. ವಿಡಿಯೋದ ಮೇಲೆ ರೋಗಿಯ ಹೆಸರು, ಖಾತೆ ಯಾರ ಹೆಸರಲ್ಲಿ ಉಂಟು, ಕೊನೆ ದಿನ, ವರ್ಷ ಸಮೇತ, ಮತ್ತೆ "ಖಾತೆ ವಿವರ ಯೂಟ್ಯೂಬಿನ ಡಿಸ್ಕ್ರಿಪ್ಶನ್‌ನಲ್ಲಿ ನೋಡಿ" ಅಂತ ಚಾನೆಲ್ ಹೆಸರು. ನಂಬರ್, ಕ್ಯೂಆರ್ ಯಾವುದೂ ವಿಡಿಯೋದ ಮೇಲೆ ಇಲ್ಲ. ಶಾರ್ಟ್ಸ್‌ನ ಡಿಸ್ಕ್ರಿಪ್ಶನ್‌ನಲ್ಲಿ ಲಿಂಕ್ ಹಾಕಿದ್ರೂ ಒತ್ಲಿಕ್ಕೆ ಆಗುದಿಲ್ಲ, ಹಾಗಾಗಿ ಮಾಮೂಲಿ ವಿಡಿಯೋ ಆಗಿಯೇ ಹಾಕುದು. ದುಡ್ಡು ಸಾಕಾದ ದಿನ ವಿಡಿಯೋ ಡಿಲೀಟ್ ಮಾಡುದಿಲ್ಲ, ಮಾಡಿದ್ರೆ ಕೊಟ್ಟವರಿಗೆ ನೋಡ್ಲಿಕ್ಕೆ ಎಂತದೂ ಇರುದಿಲ್ಲ. ಖಾತೆ ವಿವರ ತೆಗೆದು ಮೊದಲ ಸಾಲು ಬದಲಿಸುದು: "ಸಂಗ್ರಹ ಮುಗಿದಿದೆ, ಇನ್ನು ಹಣ ಹಾಕ್ಬೇಡಿ. ಬಂದದ್ದು ಇಷ್ಟು, ಬಿಲ್ ಇಷ್ಟು, ಉಳಿದದ್ದು ಇಷ್ಟು." ಅದರ ಕೆಳಗೆ ಹಳೆ ಲೆಕ್ಕ ಹಾಗೇ ಇರ್ಲಿ.